ಅವರು ಉದ್ದ ಅಂದರು, ಇವರು ಸಾಲದು ಅಂದರು

ಸ್ವಂತ ಅನುಭವದ ಪ್ರಬಂಧವೊಂದನ್ನು ಬರೆದು ನಾಲ್ಕು ಜನಕ್ಕೆ ಓದಲು ಕೊಟ್ಟವರಿಗೆ ಇದು ಗೊತ್ತಿರುತ್ತದೆ. ಟೀಕೆಯನ್ನು ಹೇಗೋ ತಡೆದುಕೊಳ್ಳಬಹುದು. ಒಬ್ಬರು ತೆಗೆದುಹಾಕು ಎಂದ ಪ್ಯಾರಾವನ್ನೇ ಇನ್ನೊಬ್ಬರು ಬೆಳೆಸು ಎಂದಾಗ ಮಾತ್ರ ಕೈಕಾಲು ಆಡುವುದಿಲ್ಲ. ಇಬ್ಬರೂ ಬಲ್ಲವರು, ಇಬ್ಬರೂ ಬೇಕಾದವರು. ಹೆಚ್ಚಿನವರು ಆಗ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಯಾರ ಮಾತಿಗೆ ತೂಕ ಜಾಸ್ತಿಯೋ ಅವರ ಮಾತು ಕೇಳುತ್ತಾರೆ, ಇಲ್ಲವೇ ಇಬ್ಬರಿಗೂ ಬೇಸರವಾಗದ ಹಾಗೆ ಅರ್ಧ ಕತ್ತರಿಸಿ ಅರ್ಧ ಉಳಿಸುತ್ತಾರೆ. ಎರಡರಲ್ಲೂ ಪ್ರಬಂಧ ಕೆಡುತ್ತದೆ. ಅದರಲ್ಲೂ ಎರಡನೆಯದರಲ್ಲಿ ಹೆಚ್ಚು.

ತುಮಕೂರು ಜಿಲ್ಲೆಯ ಸಣ್ಣ ಊರೊಂದರ ಪ್ರೌಢಶಾಲಾ ಶಿಕ್ಷಕಿಯೊಬ್ಬರ ಪ್ರಬಂಧವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಪರಿಚಯದವರಾದ್ದರಿಂದ ಅದರ ಮೊದಲ ಪ್ರತಿ, ಬಂದ ಮಾತುಗಳು, ತಿದ್ದಿದ ಪ್ರತಿ ಎಲ್ಲವನ್ನೂ ನಾನು ನೋಡಿದ್ದೇನೆ. ವಿಷಯ, ಅವರ ತಂದೆ ನಡೆಸುತ್ತಿದ್ದ ಹಿಟ್ಟಿನ ಗಿರಣಿ. ತ್ರೀ ಫೇಸ್ ಕರೆಂಟು ರಾತ್ರಿ ಮಾತ್ರ ಬರುತ್ತಿದ್ದ ಕಾಲದಲ್ಲಿ ನಿದ್ದೆಗೆಟ್ಟು ಊರಿನ ರಾಗಿ ಬೀಸಿಕೊಟ್ಟ ಮನುಷ್ಯ ಅವರು. ಕೊನೆಗೆ ಗಿರಣಿ ಮಾರಾಟವಾಯಿತು. ಸುಮಾರು ಆರು ಪುಟದ ಬರಹ. ಓದಿದವರು ನಾಲ್ವರು: ಶಿಕ್ಷಕಿಯ ಅಣ್ಣ, ಶಾಲೆಯ ಕನ್ನಡ ಮೇಷ್ಟ್ರು, ಧಾರವಾಡದ ಒಬ್ಬ ಗೆಳತಿ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಸೋದರಳಿಯ.

ಮೊದಲ ಎರಡು ಪುಟದ ಬಗ್ಗೆ ಸೋದರಳಿಯ ಹೇಳಿದ್ದು: "ಅತ್ತೆ, ಮಿಷನ್ ಬಗ್ಗೆ ತುಂಬಾ ಆಯ್ತು, ಅರ್ಧ ಮಾಡಿ." ಧಾರವಾಡದ ಗೆಳತಿ ಬರೆದದ್ದು: "ಗಿರಣಿ ಇನ್ನೂ ಬೇಕಿತ್ತು, ನನಗ ಅದು ಕಣ್ಣಿಗೆ ಕಟ್ಟಲೇ ಇಲ್ಲ." ಹಾಗೇ ನೋಡಿದರೆ ಒಂದನ್ನು ಒಪ್ಪಿ ಇನ್ನೊಂದನ್ನು ಬಿಡಬೇಕು. ಆದರೆ ಶಿಕ್ಷಕಿ ಪ್ಯಾರಾಗಳಿಗೆ ಮೊದಲೇ ಸಂಖ್ಯೆ ಹಾಕಿ ಕೊಟ್ಟಿದ್ದರು. ಹಾಗಾಗಿ ಇಬ್ಬರಿಗೂ ಒಂದೇ ಪ್ರಶ್ನೆ ಕೇಳುವುದು ಸುಲಭವಾಯಿತು: ಓದುವುದು ಎಲ್ಲಿ ನಿಧಾನವಾಯಿತು? ಇಬ್ಬರ ಉತ್ತರವೂ ಮೂರು ಮತ್ತು ನಾಲ್ಕನೆಯ ಪ್ಯಾರಾ.

ಅಲ್ಲಿ ಇದ್ದದ್ದು ಹೀಗೆ. ಮೋಟಾರು, ಬೆಲ್ಟು, ಕಾಳು ಸುರಿಯುವ ಡಬ್ಬಿ, ಎರಡು ದುಂಡು ಕಲ್ಲು, ಕಲ್ಲು ಸವೆದಾಗ ಉಳಿಯಿಂದ ಒರಟು ಮಾಡುವ ಕ್ರಮ, ಮೆಣಸಿನಕಾಯಿ ಬೀಸಿದ ಮೇಲೆ ಅದೇ ಕಲ್ಲಿಗೆ ರಾಗಿ ಹಾಕಬಾರದು ಎಂಬ ನಿಯಮ. ಎಲ್ಲ ಸರಿಯಾದ ವಿವರಗಳೇ. ಆದರೆ ಆ ಎರಡು ಪ್ಯಾರಾಗಳಲ್ಲಿ ಮನುಷ್ಯರೇ ಇಲ್ಲ. ತಂದೆ ಕಾಣಿಸಿಕೊಳ್ಳುವುದು ಐದನೆಯ ಪ್ಯಾರಾದಲ್ಲಿ. ಒಬ್ಬನಿಗೆ ಅದು ಬೇಸರ ತರಿಸಿತು, ಇನ್ನೊಬ್ಬರಿಗೆ ಮಸುಕಾಗಿ ಕಂಡಿತು. ಎಡವಿದ ಕಲ್ಲು ಒಂದೇ, ಹೇಳಿದ ಮದ್ದು ಮಾತ್ರ ಬೇರೆ. ಓದುಗರು ಎಲ್ಲಿ ಎಡವಿದರು ಎನ್ನುವುದನ್ನು ನಂಬಬೇಕು. ಏನು ಮಾಡಬೇಕೆಂದು ಅವರು ಹೇಳುವುದನ್ನು ಅಷ್ಟಾಗಿ ನಂಬಬೇಕಾಗಿಲ್ಲ.

ಶಿಕ್ಷಕಿ ಇಬ್ಬರ ಮದ್ದನ್ನೂ ಬಿಟ್ಟರು. ತಂದೆ ಬೀಳುತ್ತಿರುವ ಹಿಟ್ಟಿಗೆ ಕೈಯೊಡ್ಡಿ, ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ, ತರಿಯಾಗಿದೆ ಎಂದು ಕಲ್ಲು ಬಿಗಿ ಮಾಡುವುದು ಮೊದಲ ಪ್ಯಾರಾಕ್ಕೆ ಬಂತು. ಅವರ ಕೈ ಹೋದಲ್ಲಿ ಬೆಲ್ಟು, ಡಬ್ಬಿ, ಕಲ್ಲು ಒಂದೊಂದಾಗಿ ಬಂದವು. ಉದ್ದ ಹೆಚ್ಚುಕಡಿಮೆ ಅಷ್ಟೇ ಉಳಿಯಿತು. ತಿದ್ದಿದ ಪ್ರತಿ ಓದಿದ ಸೋದರಳಿಯ "ಈಗ ಚಿಕ್ಕದಾಯ್ತು" ಎಂದ.

ಮಾರಾಟದ ಜಾಗ ಇಷ್ಟು ಸುಲಭವಾಗಿರಲಿಲ್ಲ. ಅಣ್ಣ ಸಾಲದ ಕಾರಣ ಹೇಳಿ ಗಿರಣಿ ಮಾರಲು ಒತ್ತಾಯಿಸಿದ್ದು, ಅಪ್ಪ ಮಾತಾಡದೆ ಸಹಿ ಹಾಕಿದ್ದು ಅಲ್ಲಿತ್ತು. ಮೇಷ್ಟ್ರು, "ಮೇಡಂ, ಇದೇ ಪ್ರಬಂಧದ ಜೀವ. ಇನ್ನೂ ಬಿಚ್ಚಿ ಬರೀರಿ" ಎಂದರು. ಅಣ್ಣ, "ಆ ಪುಟ ಪೂರ್ತಿ ತೆಗಿಯಮ್ಮ" ಎಂದರು. ಮೇಲ್ನೋಟಕ್ಕೆ ನೇರ ವಿರೋಧ. ಆದರೆ ಈ ಎರಡು ಮಾತುಗಳನ್ನು ಒಂದೇ ತಕ್ಕಡಿಯಲ್ಲಿ ಇಡಲು ಬರುವುದಿಲ್ಲ. ಮೇಷ್ಟ್ರು ಹೊರಗೆ ನಿಂತು ಓದಿದವರು, ಅಣ್ಣ ಪ್ರಬಂಧದ ಒಳಗೇ ಇರುವವರು. ಒಳಗಿರುವವರ ಮಾತಿನಲ್ಲಿ ಸಾಮಾನ್ಯವಾಗಿ ಮೂರು ಸಂಗತಿಗಳು ಕಲಸಿರುತ್ತವೆ. ನಡೆದದ್ದು ಹೀಗಲ್ಲ ಎನ್ನುವುದು ಒಂದು, ಇದು ಊರವರಿಗೆ ತಿಳಿಯಬಾರದು ಎನ್ನುವುದು ಇನ್ನೊಂದು, ನನ್ನನ್ನು ಒಳ್ಳೆಯವನಾಗಿ ತೋರಿಸು ಎನ್ನುವುದು ಮತ್ತೊಂದು. ಮೊದಲನೆಯದನ್ನು ಪರಿಶೀಲಿಸಿ ನಿಜವಿದ್ದರೆ ಒಪ್ಪಲೇಬೇಕು. ಎರಡನೆಯದನ್ನು ಅವರ ಜೊತೆ ಕೂತು ಮಾತಾಡಬೇಕು. ಮೂರನೆಯದನ್ನು ಕೇಳಿಸಿಕೊಂಡು ಬಿಡಬಹುದು.

ಯಾಕೆ ತೆಗೆಯಬೇಕು ಎಂದು ತಂಗಿ ಕೇಳಿದಾಗ ಅಣ್ಣ ಹೇಳಿದರು: "ಸಾಲ ಅಂತ ಬರೆದಿದ್ದೀಯ. ಯಾವ ಸಾಲ ಅಂತ ಬರೆದಿಲ್ಲ. ಅದು ನಿನ್ನ ಮದುವೆಗೆ ಮಾಡಿದ ಸಾಲ." ಮನೆಯಲ್ಲಿದ್ದ ಹಳೆಯ ಪತ್ರಗಳೂ ಅದನ್ನೇ ಹೇಳಿದವು. ಈ ಒಂದು ಸಂಗತಿ ಸೇರಿದ್ದೇ ಪ್ರಬಂಧದ ಚಹರೆ ಬದಲಾಯಿತು. ದೂರ ನಿಂತು ಅಣ್ಣನನ್ನು ನೋಡುತ್ತಿದ್ದ ತಂಗಿ ಈಗ ಮಾರಾಟದಲ್ಲಿ ಪಾಲುದಾರಳಾದಳು. ಮೇಷ್ಟ್ರು ಬಿಚ್ಚಿ ಬರೀರಿ ಎಂದದ್ದು ಇದನ್ನೇ, ಏನು ಬಿಚ್ಚಬೇಕೆಂದು ಅವರಿಗೂ ಗೊತ್ತಿರಲಿಲ್ಲ ಅಷ್ಟೆ. ಕೊಂಡವರ ಹೆಸರು, ಮೊತ್ತ ಎರಡನ್ನೂ ಶಿಕ್ಷಕಿ ತೆಗೆದರು. ಅದರಿಂದ ಬರಹಕ್ಕೇನೂ ನಷ್ಟವಾಗಲಿಲ್ಲ.

ಬರಹದೊಳಗೆ ಇರುವವರ ಮಾತಿನ ತೂಕಕ್ಕೆ ಸಾಹಿತ್ಯದಲ್ಲೊಂದು ಪ್ರಸಿದ್ಧ ಉದಾಹರಣೆ ಇದೆ. ಅದು ಕವನ, ಇಂಗ್ಲಿಷಿನದು, ಆದರೂ ಇಲ್ಲಿ ಹೊಂದುತ್ತದೆ. ಟಿ. ಎಸ್. ಎಲಿಯಟ್ 1922ರಲ್ಲಿ ಪ್ರಕಟಿಸಿದ 'ದಿ ವೇಸ್ಟ್ ಲ್ಯಾಂಡ್'ನ ಕರಡು ಪ್ರತಿಗಳು 1971ರಲ್ಲಿ ಪುಸ್ತಕವಾಗಿ ಬಂದವು. ಅಂಚಿನಲ್ಲಿ ಎಜ್ರಾ ಪೌಂಡ್ ಮತ್ತು ಎಲಿಯಟ್‌ನ ಹೆಂಡತಿ ವಿವಿಯನ್ ಬರೆದ ಟಿಪ್ಪಣಿಗಳಿವೆ. ಗಂಡಹೆಂಡಿರ ನಡುವಿನ ಬಿಗುವಿನ ಮಾತುಕತೆಯ ಭಾಗದ ಪಕ್ಕದಲ್ಲಿ ಪೌಂಡ್ ಅದನ್ನು ಬರೀ ಫೋಟೋಗ್ರಫಿ ಎಂಬಂತೆ ಗುರುತು ಹಾಕಿದರೆ, ವಿವಿಯನ್ ಅದ್ಭುತ ಎಂದು ಬರೆದಿದ್ದಾಳೆ. ಎಲಿಯಟ್ ಆ ಭಾಗವನ್ನು ಉಳಿಸಿಕೊಂಡ. ಬೇರೆ ಎಷ್ಟೋ ಕಡೆ ಪೌಂಡ್ ಹೇಳಿದಂತೆ ಉದ್ದುದ್ದ ಕತ್ತರಿಸಿದವನೂ ಅವನೇ. ಆದರೆ ಅದೇ ಭಾಗದಲ್ಲಿ ಚದುರಂಗದ ಕಾಯಿಗಳ ಕುರಿತ ಒಂದು ಸಾಲನ್ನು ವಿವಿಯನ್ ಬೇಡ ಎಂದದ್ದಕ್ಕೆ ಬಿಟ್ಟ. ಅವಳು ತೀರಿಕೊಂಡು ವರ್ಷಗಳಾದ ಮೇಲೆ, 1960ರಲ್ಲಿ ಕೈಬರಹದ ಪ್ರತಿಯೊಂದನ್ನು ಮಾಡಿಕೊಡುವಾಗ, ನೆನಪಿನಿಂದ ಅದನ್ನು ಮತ್ತೆ ಸೇರಿಸಿದ. ಒಬ್ಬಳೇ ಓದುಗಳ ಒಂದು ಮಾತನ್ನು ಹೊಗಳಿಕೆಯಾಗಿಯೂ ಇನ್ನೊಂದನ್ನು ಕೋರಿಕೆಯಾಗಿಯೂ ಅವನು ಬೇರೆ ಬೇರೆ ತೂಗಿದ್ದ.

ಮತ್ತೆ ಗಿರಣಿಗೆ. ಕೊನೆಯ ಪ್ಯಾರಾದಲ್ಲಿ, ಪ್ಯಾಕೆಟ್ ಹಿಟ್ಟು ಬಂದು ನಮ್ಮ ಸಂಸ್ಕೃತಿಯೇ ಮರೆಯಾಯಿತು ಎಂಬ ಧಾಟಿಯ ಮಾತುಗಳಿದ್ದವು. ಗೆಳತಿ, ಅಣ್ಣ ಇಬ್ಬರೂ "ಕೊನೆ ಓದಿ ಕಣ್ಣು ತುಂಬಿತು" ಎಂದರು. ಮೇಷ್ಟ್ರು ಮತ್ತು ಸೋದರಳಿಯ ಭಾಷಣವಾಯಿತು ಎಂದರು. ಎರಡಕ್ಕೆ ಎರಡು. ಕೈ ಎತ್ತಿಸಿ ತೀರ್ಮಾನ ಮಾಡುವುದಾದರೆ ಇಲ್ಲೇ ನಿಂತುಹೋಗುತ್ತಿತ್ತು. ಕಣ್ಣು ತುಂಬಿದ್ದು ಯಾವ ವಾಕ್ಯಕ್ಕೆ ಎಂದು ಕೇಳಿದರೆ, ಇಬ್ಬರೂ ತೋರಿಸಿದ್ದು ಕೊನೆಯ ಪ್ಯಾರಾಕ್ಕಿಂತ ಮೇಲಿನದನ್ನು: ಗಿರಣಿ ಹೋದ ಮೇಲೆ ಅಪ್ಪ ಊಟಕ್ಕೆ ಕೂತಾಗ ಮುದ್ದೆ ಮುರಿಯುವ ಮೊದಲು ಬೆರಳಲ್ಲಿ ತಿಕ್ಕಿ ನೋಡುತ್ತಿದ್ದದ್ದು. ಭಾಷಣದ ಪ್ಯಾರಾ ಯಾರಿಗೂ ಬೇಕಿರಲಿಲ್ಲ. ಹೊಗಳಿಕೆಯನ್ನೂ ಟೀಕೆಯಷ್ಟೇ ಕೆದಕಿ ಕೇಳಬೇಕು. ಕೊನೆ ಚೆನ್ನಾಗಿದೆ ಎನ್ನುವ ಮಾತು ಯಾವ ಸಾಲಿನ ಬಗ್ಗೆ ಎಂದು ತಿಳಿಯದಿದ್ದರೆ, ಕೆಟ್ಟ ಸಾಲೊಂದು ಅದರ ಮರೆಯಲ್ಲಿ ಉಳಿದುಬಿಡುತ್ತದೆ.

ಹೀಗೆ ಕೆದಕಿದರೂ ಕರಗದ ವಿರೋಧ ಒಂದು ಉಳಿಯಿತು. ಅಪ್ಪನ ಮಾತನ್ನು ಊರಿನ ಆಡುಮಾತಿನಲ್ಲೇ ಬರೆಯಬೇಕೋ ಗ್ರಂಥಸ್ಥ ಕನ್ನಡಕ್ಕೆ ತರಬೇಕೋ ಎಂಬುದು. ಮೇಷ್ಟ್ರು ತಿದ್ದಿ ಎಂದರು, ಉಳಿದವರು ಬೇಡ ಎಂದರು. ಇದು ರುಚಿಯ ಪ್ರಶ್ನೆ, ಬರೆದವರೇ ನಿರ್ಧರಿಸಬೇಕು. ಶಿಕ್ಷಕಿ ಆಡುಮಾತನ್ನೇ ಇಟ್ಟುಕೊಂಡರು. ದಾರಿ ಬಿಟ್ಟು ಅಲೆಯುತ್ತದೆ ಎಂಬ ಆಕ್ಷೇಪಣೆಯೂ ಇಂಥದ್ದೇ. ಎ. ಎನ್. ಮೂರ್ತಿರಾವ್, ಗೊರೂರು, ಪು.ತಿ.ನ. ಅವರ ಪ್ರಬಂಧಗಳನ್ನು ಓದಿ ಬೆಳೆದವರಿಗೆ ಅಲೆದಾಟವೇ ಸುಖ. ದಿನಪತ್ರಿಕೆಯ ಅಂಕಣಕ್ಕೆ ಒಗ್ಗಿದವರಿಗೆ ಅದು ದೋಷ. ಟೀಕಿಸಿದವರು ಸಾಮಾನ್ಯವಾಗಿ ಏನು ಓದುತ್ತಾರೆ ಎಂದು ಗೊತ್ತಿದ್ದರೆ ಈ ಮಾತನ್ನು ತೂಗುವುದು ಸಲೀಸು.

ಇಷ್ಟೆಲ್ಲ ವಿರೋಧ ಯಾಕೆ ಬಂತು? ಶಿಕ್ಷಕಿ ನಾಲ್ವರಿಗೂ ಇನ್ನೊಂದು ಪ್ರಶ್ನೆ ಕೇಳಿದ್ದರು. ಈ ಪ್ರಬಂಧ ಯಾವುದರ ಬಗ್ಗೆ, ಒಂದೇ ವಾಕ್ಯದಲ್ಲಿ ಹೇಳಿ. ಗಿರಣಿ ಮುಚ್ಚಿದ ಕಥೆ ಎಂದ ಸೋದರಳಿಯ. ಆಸ್ತಿ ಜಗಳ ಎಂದರು ಮೇಷ್ಟ್ರು. ಒಬ್ಬ ಕೆಲಸಗಾರನ ಕೈ ಸುಮ್ಮನಾದದ್ದು ಎಂದಳು ಗೆಳತಿ. ನನ್ನ ಮೇಲಿನ ದೂರು ಎಂದರು ಅಣ್ಣ. ನಾಲ್ವರು ನಾಲ್ಕು ಪ್ರಬಂಧಗಳನ್ನು ಓದಿದ್ದರು, ಪ್ರತಿಯೊಬ್ಬರೂ ತಾವು ಓದಿದ ಪ್ರಬಂಧಕ್ಕೆ ತಕ್ಕ ಸಲಹೆ ಕೊಟ್ಟಿದ್ದರು. ಗೊಂದಲ ಕರಡಿನಲ್ಲೇ ಇತ್ತು. ಗೆಳತಿ ಹೇಳಿದ್ದೇ ತನ್ನ ಪ್ರಬಂಧ ಎಂದು ಶಿಕ್ಷಕಿ ನಿರ್ಧರಿಸಿದ ಮೇಲೆ ಉಳಿದ ಮಾತುಗಳು ತಾವಾಗಿ ಬೇರೆಬೇರೆಯಾದವು. ಅಮ್ಮನ ಬಗ್ಗೆ ಹೆಚ್ಚು ಬರೆಯಬೇಕಿತ್ತು ಎಂಬ ಅಣ್ಣನ ಸಲಹೆ ಒಳ್ಳೆಯದೇ, ಆದರೆ ಅದು ಇನ್ನೊಂದು ಪ್ರಬಂಧಕ್ಕೆ ಸೇರಿದ್ದು. ಅದನ್ನು ಅವರು ಬೇರೆ ಪುಸ್ತಕದಲ್ಲಿ ಗುರುತು ಹಾಕಿಟ್ಟುಕೊಂಡರು.

ಎಲ್ಲರನ್ನೂ ಸಮಾಧಾನ ಮಾಡಲು ಹೋದ ಪ್ರತಿಯನ್ನು ಗುರುತಿಸುವುದು ಕಷ್ಟವಲ್ಲ. ಬಹುಶಃ, ಒಂದು ರೀತಿಯಲ್ಲಿ, ಹಾಗೆಂದ ಮಾತ್ರಕ್ಕೆ ಎಂಬ ಪದಗಳು ಮೊದಲ ಪ್ರತಿಗಿಂತ ಹೆಚ್ಚಾಗಿರುತ್ತವೆ. ಒಂದು ವಾಕ್ಯ ಹೇಳಿದ್ದನ್ನು ಮುಂದಿನ ವಾಕ್ಯ ಸ್ವಲ್ಪ ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಗಟ್ಟಿಯಾಗಿ ಓದಿದರೆ ಎರಡು ದನಿ ಕೇಳುತ್ತದೆ. ಹೀಗಾಗಿದ್ದರೆ ತಿದ್ದಿದ್ದನ್ನೇ ತಿದ್ದುತ್ತ ಕೂರದೆ ಮೊದಲ ಪ್ರತಿಗೆ ಹಿಂತಿರುಗುವುದು ಲೇಸು. ಅದಕ್ಕಾಗಿ ಮೊದಲ ಪ್ರತಿಯನ್ನು ಮುಟ್ಟದೆ ಇಟ್ಟಿರಬೇಕು. ತಿದ್ದಿದ್ದನ್ನು ಪರೀಕ್ಷಿಸಲು ಅದೇ ನಾಲ್ವರು ಸಾಲದು, ತಾವು ಹೇಳಿದ್ದು ಆಗಿದೆಯೇ ಎಂದಷ್ಟೇ ಅವರು ಹುಡುಕುತ್ತಾರೆ. ಹಿಂದೆಂದೂ ಓದಿರದ ಒಬ್ಬರು ಬೇಕು.

ಕೊನೆಯ ಪ್ರತಿಯನ್ನು ಓದಿಕೊಟ್ಟವರಿಗೆಲ್ಲ ಕಳಿಸಿ. ಅವರ ಯಾವ ಮಾತನ್ನು ಯಾಕೆ ತೆಗೆದುಕೊಳ್ಳಲಿಲ್ಲ ಎಂದು ಒಂದೆರಡು ಸಾಲು ಬರೆಯಿರಿ, ವಾದ ಬೇಡ. ಹಾಗೆ ಮಾಡಿದರೆ ಮುಂದಿನ ಪ್ರಬಂಧವನ್ನೂ ಅವರು ಓದಿಕೊಡುತ್ತಾರೆ.