ದುಡ್ಡು ಕಟ್ ಆಯ್ತು, ಆರ್ಡರ್ ಆಗಲಿಲ್ಲ: ನಿಮಗಿದು ಗೊತ್ತೇ?

ಮೊದಲು ಖರ್ಚು, ಆಮೇಲೆ ಜಮಾ
ನೀವು ಯುಪಿಐ ಪಿನ್ ಒತ್ತಿದ ಕೂಡಲೇ ಎನ್‌ಪಿಸಿಐ ಮೊದಲು ನಿಮ್ಮ ಬ್ಯಾಂಕಿಗೆ ಹಣ ಕಡಿತ ಮಾಡಲು ಹೇಳುತ್ತದೆ. ಅದು ಆದ ಮೇಲಷ್ಟೇ ವ್ಯಾಪಾರಿಯ ಬ್ಯಾಂಕಿಗೆ ಜಮಾ ಮಾಡುವಂತೆ ಸಂದೇಶ ಹೋಗುತ್ತದೆ. ಈ ಎರಡು ಹೆಜ್ಜೆಗಳ ನಡುವೆ ಎಲ್ಲಾದರೂ ಕೊಂಡಿ ತಪ್ಪಿದರೆ ಕಡಿತದ ಎಸ್ಸೆಮ್ಮೆಸ್ ಬರುತ್ತದೆ, ಆರ್ಡರ್ ಮಾತ್ರ ಬರುವುದಿಲ್ಲ.

‘ಇಲ್ಲ’ ಎಂದರೆ ಬೇಗ, ಮೌನವಾದರೆ ತಡ
ವ್ಯಾಪಾರಿಯ ಬ್ಯಾಂಕು ‘ಜಮಾ ಆಗದು’ ಎಂದು ಸ್ಪಷ್ಟವಾಗಿ ತಿಳಿಸಿದರೆ ಹಣ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ವಾಪಸಾಗುತ್ತದೆ. ಉತ್ತರವೇ ಬಾರದಿದ್ದರೆ ತೊಡಕು. ಅಲ್ಲಿ ಜಮಾ ಆಗಿಯೂ ಇರಬಹುದು. ತಿಳಿಯದೆ ಇಲ್ಲಿ ಹಿಂತಿರುಗಿಸಿದರೆ ಒಂದೇ ಹಣ ಎರಡು ಕಡೆ ಸೇರುತ್ತದೆ. ಅದಕ್ಕೇ ಎರಡೂ ಬ್ಯಾಂಕುಗಳ ಲೆಕ್ಕ ತಾಳೆಯಾಗುವವರೆಗೆ ವ್ಯವಹಾರ ‘ಪೆಂಡಿಂಗ್’ ಆಗಿಯೇ ಉಳಿಯುತ್ತದೆ. ಈ ಹೊತ್ತಿನಲ್ಲಿ ಆತುರಪಟ್ಟು ಇನ್ನೊಮ್ಮೆ ಪಾವತಿಸಿದರೆ ಎರಡೂ ಪಾವತಿ ಯಶಸ್ವಿಯಾಗುವ ಸಾಧ್ಯತೆ ಇದೆ.

ಒಬ್ಬರಿಗೆ 1 ದಿನ, ಇನ್ನೊಬ್ಬರಿಗೆ 5 ದಿನ
ಆರ್‌ಬಿಐ 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆ ಇದಕ್ಕೆಲ್ಲ ಗಡುವು ಹಾಕಿದೆ. ಸ್ನೇಹಿತರ ಖಾತೆಗೆ ಕಳಿಸಿದ ಹಣ ಅಲ್ಲಿ ಜಮಾ ಆಗದಿದ್ದರೆ ಮರುದಿನದೊಳಗೆ ತಾನಾಗಿಯೇ ವಾಪಸಾಗಬೇಕು. ವ್ಯಾಪಾರಿಗೆ ಪಾವತಿ ದೃಢಪಡದಿದ್ದರೆ ಗಡುವು 5 ದಿನ. ಸುತ್ತೋಲೆಯ ಭಾಷೆಯಲ್ಲಿ ಇವು T+1 ಮತ್ತು T+5. T ಎಂದರೆ ವ್ಯವಹಾರ ನಡೆದ ದಿನ.

ಭಾನುವಾರವೂ ಲೆಕ್ಕಕ್ಕೆ ಉಂಟು
ಇಲ್ಲಿ ಎಣಿಸುವುದು ಕ್ಯಾಲೆಂಡರ್ ದಿನಗಳನ್ನು, ಬ್ಯಾಂಕಿನ ಕೆಲಸದ ದಿನಗಳನ್ನಲ್ಲ. ಒಂದು ಉದಾಹರಣೆ: 2025ರ ಆಗಸ್ಟ್ 12, ಮಂಗಳವಾರ ಕುಕ್ಕರ್‌ಗೆಂದು ₹1,499 ಕಡಿತವಾಯಿತು, ಆರ್ಡರ್ ದೃಢಪಡಲಿಲ್ಲ ಎನ್ನಿ. ನಡುವೆ ಸ್ವಾತಂತ್ರ್ಯ ದಿನದ ರಜೆ ಇದ್ದರೂ ಗಡುವು ಮುಗಿಯುವುದು 17ರ ಭಾನುವಾರವೇ. ಹಣ 20ಕ್ಕೆ ಬಂದರೆ 3 ದಿನ ತಡ.

ಆ ತಡಕ್ಕೆ ದಿನಕ್ಕೆ ₹100
ಗಡುವು ಮೀರಿದ ಪ್ರತಿ ದಿನಕ್ಕೂ ಗ್ರಾಹಕರಿಗೆ ₹100 ಪರಿಹಾರ ಸಲ್ಲಬೇಕು. ಮೇಲಿನ ಕುಕ್ಕರ್ ಪ್ರಕರಣದಲ್ಲಿ ₹1,499ರ ಜೊತೆಗೆ ₹300 ಬರಬೇಕು. ಸಿಕ್ಕಿಕೊಂಡ ಮೊತ್ತ ₹40 ಆಗಿದ್ದರೂ ಪರಿಹಾರದ ದರ ಅಷ್ಟೇ. ದೂರು ಕೊಡಲಿ ಎಂದು ಕಾಯದೆ ಖಾತೆಗೆ ಹಾಕಬೇಕೆಂದೇ ಸುತ್ತೋಲೆ ಹೇಳುತ್ತದೆ. ಆದ್ದರಿಂದ ವಾಪಸಾದ ಹಣದ ಪಕ್ಕದಲ್ಲಿ ಇದೂ ಬಂದಿದೆಯೇ ಎಂದು ಪಾಸ್‌ಬುಕ್ ನೋಡಿ. ಬಂದಿರದಿದ್ದರೆ ಕೇಳಿ ಪಡೆಯಿರಿ.

12 ಅಂಕಿಗಳೊಳಗೆ ತಾರೀಕು
ಪಾವತಿಯ ವಿವರದಲ್ಲಿ UTR ಅಥವಾ UPI Ref No ಎಂಬ 12 ಅಂಕಿಯ ಸಂಖ್ಯೆ ಇರುತ್ತದೆ. ಸಾಮಾನ್ಯವಾಗಿ ಅದರ ಮೊದಲ ಅಂಕಿ ಇಸವಿಯ ಕೊನೆಯ ಅಂಕಿ, ನಂತರದ ಮೂರು ವರ್ಷದ ಎಷ್ಟನೇ ದಿನ ಎಂಬುದು. ಆಗಸ್ಟ್ 12 ಆ ವರ್ಷದ 224ನೇ ದಿನ; ಹಾಗಾಗಿ ಕುಕ್ಕರಿನ ಸಂಖ್ಯೆ 5224 ಎಂದು ಶುರುವಾಗುತ್ತದೆ. ಬ್ಯಾಂಕು ಹುಡುಕುವುದು ಈ ಸಂಖ್ಯೆಯಿಂದಲೇ. ಆ್ಯಪ್ ತನ್ನ ಲೆಕ್ಕಕ್ಕೆ ಕೊಡುವ ಉದ್ದನೆಯ ಐಡಿಯಾಗಲಿ, ಅಂಗಡಿಯ ಆರ್ಡರ್ ನಂಬರಾಗಲಿ ಅಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ.

‘ಸಕ್ಸಸ್’ ಎಂದಿದ್ದರೆ ಹಣ ವ್ಯಾಪಾರಿಯ ಕಡೆ
ಆ್ಯಪ್‌ನಲ್ಲಿ ‘ಸಕ್ಸಸ್’ ಎಂದಿದ್ದು ಆರ್ಡರ್ ಇಲ್ಲದಿದ್ದರೆ, ಹಣ ತಲುಪಿದೆ, ಅಂಗಡಿಯ ಪುಟ ಮಾತ್ರ ಅಷ್ಟರಲ್ಲಿ ಕಾದು ಸುಸ್ತಾಗಿ ಮುಚ್ಚಿದೆ ಎಂದರ್ಥ. ಆಗ ಮೊದಲು ಕೇಳಬೇಕಾದದ್ದು ವ್ಯಾಪಾರಿಯನ್ನು. ಅವರು ಮರುಪಾವತಿಸುವ ಹಣ ಸಾಮಾನ್ಯವಾಗಿ ಹೊಸ ಸಂಖ್ಯೆಯಡಿ ಹೊಸ ಜಮೆಯಾಗಿ ಬರುತ್ತದೆ; ಹಳೆಯ ಸಂಖ್ಯೆ ಹಿಡಿದು ಹುಡುಕಿದರೆ ಸಿಗದಿರಬಹುದು. ‘ಫೇಲ್ಡ್’ ಅಥವಾ ‘ಪೆಂಡಿಂಗ್’ ಎಂದಿದ್ದರೆ ಬ್ಯಾಂಕಿನ ದಾರಿ.

ದೂರಿಗೂ ಮೆಟ್ಟಿಲುಗಳಿವೆ
ಮೊದಲು ಆ್ಯಪ್‌ನಲ್ಲಿ ಆ ವ್ಯವಹಾರವನ್ನೇ ತೆರೆದು ದೂರು ದಾಖಲಿಸಿ, ಆಮೇಲೆ ನಿಮ್ಮ ಬ್ಯಾಂಕಿಗೆ ಬರೆಯಿರಿ. ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ cms.rbi.org.in ತಾಣದಲ್ಲಿ ಆರ್‌ಬಿಐ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಶುಲ್ಕವಿಲ್ಲ. ದೂರಿನ ಸಂಖ್ಯೆ, ಕಡಿತದ ಎಸ್ಸೆಮ್ಮೆಸ್ ಮತ್ತು ಆ 12 ಅಂಕಿ ಕೈಯಲ್ಲಿರಲಿ.

ವಾಪಸ್ ಬರಲು ಪಿನ್ ಬೇಡ
ಹಣ ಖಾತೆಗೆ ಬರಲು ಪಿನ್ ಒತ್ತುವುದಾಗಲಿ, ಕ್ಯೂಆರ್ ಸ್ಕ್ಯಾನ್ ಮಾಡುವುದಾಗಲಿ ಬೇಕಿಲ್ಲ. ‘ರೀಫಂಡ್ ಮಾಡ್ತೀವಿ, ಪಿನ್ ಹಾಕಿ’ ಎಂದು ಯಾರಾದರೂ ಫೋನಿನಲ್ಲಿ ಹೇಳಿದರೆ, ಅವರು ಕೇಳುತ್ತಿರುವುದು ಇನ್ನೊಂದು ಕಡಿತಕ್ಕೆ ನಿಮ್ಮ ಒಪ್ಪಿಗೆ.