ಪದಕೋಶ, ಪ್ರಶ್ನೋತ್ತರ: ಯಾವ ಪುಟಕ್ಕೆ ಓದುಗರು ಬರುತ್ತಾರೆ?

1999ರಲ್ಲಿ ಶುರುವಾದ ಇನ್ವೆಸ್ಟೋಪೀಡಿಯ ಹಣಕಾಸಿನ ಪದಗಳನ್ನು ಬಿಡಿಸಿ ಹೇಳುತ್ತಲೇ ದೊಡ್ಡ ಜಾಲತಾಣವಾಗಿ ಬೆಳೆಯಿತು. ಹಾಗೆಂದು ಪದಗಳ ಪಟ್ಟಿ ಹಾಕಿದವರ ಬಳಿಗೆಲ್ಲ ಓದುಗರು ಬರುವುದಿಲ್ಲ. ಒಂದು ಸಾಲಿನಲ್ಲಿ ಮುಗಿಯುವ ಅರ್ಥವನ್ನು ಗೂಗಲ್ ಹುಡುಕಾಟದ ಪುಟದಲ್ಲೇ ತೋರಿಸಿಬಿಡುವುದುಂಟು. ಆಗ ಲಿಂಕ್ ಒತ್ತುವವರು ಯಾರು?

ಜಮೀನು ದಾಖಲೆಗಳ ಬಗ್ಗೆ ಬರೆಯುವ ಕನ್ನಡ ಜಾಲತಾಣವೊಂದಿದೆ ಎಂದುಕೊಳ್ಳಿ. ‘ಖುಷ್ಕಿ’ ಎಂದರೆ ಮಳೆಯನ್ನೇ ನಂಬಿದ ಜಮೀನು. ಅರ್ಥ ತಿಳಿದರೆ ಕೆಲಸ ಮುಗಿಯಿತು. ಇದಕ್ಕೆ ಬೇರೆ ಪುಟ ಬೇಡ, ಪಟ್ಟಿಯಲ್ಲಿ ಒಂದು ಸಾಲು ಸಾಕು. ಆದರೆ ‘ಇ.ಸಿ.’ ಎಂದು ಹುಡುಕುವವರು ಸಾಮಾನ್ಯವಾಗಿ ನಿವೇಶನವನ್ನೋ ಜಮೀನನ್ನೋ ಕೊಳ್ಳಲು ಹೊರಟವರು. ಅರ್ಥ ತಿಳಿದ ಮೇಲೂ ಅವರಿಗೆ ಮಾಡಬೇಕಾದ ಕೆಲಸ ಉಳಿದಿರುತ್ತದೆ. ಸ್ವಂತ ಪುಟ ಸಲ್ಲುವುದು ಇಂಥ ಪದಕ್ಕೆ.

ಆ ಪುಟದ ಮೊದಲ ಎರಡು ವಾಕ್ಯಗಳಲ್ಲೇ ನೇರ ಉತ್ತರ ಇರಬೇಕು: ಒಂದು ಆಸ್ತಿಯ ಮೇಲೆ ಇಂತಿಷ್ಟು ವರ್ಷಗಳಲ್ಲಿ ನೋಂದಣಿಯಾದ ಕ್ರಯ, ಅಡಮಾನಗಳನ್ನು ತೋರಿಸುವ ಪತ್ರ ಇದು. ಆಮೇಲೆ ಓದುಗರ ಮನಸ್ಸಿನಲ್ಲಿ ಏಳುವ ಕ್ರಮದಲ್ಲೇ ವಿವರ ಬರಲಿ. ವ್ಯವಹಾರ ನಡೆದಿದ್ದರೆ ನಮೂನೆ 15, ಏನೂ ನಡೆದಿಲ್ಲದಿದ್ದರೆ ನಮೂನೆ 16. ನೋಂದಣಿಯಾಗದ ಕರಾರು ಇದರಲ್ಲಿ ಕಾಣುವುದಿಲ್ಲ ಎಂಬ ಎಚ್ಚರಿಕೆಯನ್ನೂ ಸೇರಿಸಬೇಕು. ಕೊನೆಗೆ ಪಹಣಿ, ಖಾತಾ ಪುಟಗಳಿಗೆ ಲಿಂಕ್. ಎಲ್ಲ ಪದಗಳನ್ನೂ ಅಕಾರಾದಿಯಾಗಿ ಜೋಡಿಸಿದ ಮುಖ್ಯ ಪಟ್ಟಿಯಿಂದಲೂ ಇಲ್ಲಿಗೆ ದಾರಿಯಿರಲಿ.

ಪ್ರಶ್ನೋತ್ತರದ ಲೆಕ್ಕ ಬೇರೆ. ಅದರ ಪ್ರಶ್ನೆಗಳನ್ನು ಜನರ ಬಾಯಿಂದಲೇ ತೆಗೆದುಕೊಳ್ಳಬೇಕು, ಅಂದರೆ ಕಚೇರಿಗೆ ಬರುವ ಫೋನ್ ಕರೆ, ಇಮೇಲ್‌ಗಳಿಂದ. ‘ನಮ್ಮನ್ನೇ ಏಕೆ ಆರಿಸಬೇಕು?’ ಎಂದು ಯಾರೂ ಕೇಳುವುದಿಲ್ಲ. ಇ.ಸಿ. ಕುರಿತ ಪ್ರಶ್ನೆಗಳು ಇ.ಸಿ. ಪುಟದ ಕೆಳಗೇ ಇರಲಿ. ಶುಲ್ಕ, ಹಣ ವಾಪಸಾತಿಯಂಥ ಸಾಮಾನ್ಯ ಪ್ರಶ್ನೆಗಳನ್ನು ಮಾತ್ರ ಪ್ರತ್ಯೇಕ ಪುಟದಲ್ಲಿಡಿ. ‘ಇ.ಸಿ.ಯಲ್ಲಿ ಹೆಸರು ತಪ್ಪಾಗಿದ್ದರೆ ಏನು ಮಾಡಬೇಕು?’ ಎಂಬಂಥ ಪ್ರಶ್ನೆಗೆ ಉತ್ತರ ಉದ್ದವಾದರೆ ಅಲ್ಲಿ ಎರಡು ಸಾಲು ಬರೆದು, ಉಳಿದದ್ದಕ್ಕೆ ಬೇರೆ ಲೇಖನ ಮಾಡುವುದು ಲೇಸು.

ಪುಟಕ್ಕೆ FAQPage ಎಂಬ ಕೋಡ್ ಸೇರಿಸಿದರೆ ಗೂಗಲ್ ಫಲಿತಾಂಶದ ಕೆಳಗೇ ಪ್ರಶ್ನೆಗಳು ಕಾಣುತ್ತಿದ್ದ ಕಾಲವೊಂದಿತ್ತು. 2023ರ ಆಗಸ್ಟ್‌ನಲ್ಲಿ ಗೂಗಲ್ ಆ ಸೌಲಭ್ಯವನ್ನು ಹೆಸರಾಂತ ಸರ್ಕಾರಿ ಮತ್ತು ಆರೋಗ್ಯ ತಾಣಗಳಿಗೆ ಸೀಮಿತಗೊಳಿಸಿತು. ಅದೊಂದನ್ನೇ ನಂಬಿ ಈಗ ಪುಟ ಕಟ್ಟುವುದು ವ್ಯರ್ಥ.

ಪುಟ ಫಲ ಕೊಡುತ್ತಿದೆಯೇ ಎಂಬುದನ್ನು ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ನೋಡಬಹುದು. ಫಲಿತಾಂಶದ ಮೇಲ್ಭಾಗದಲ್ಲೇ ಸಾವಿರಾರು ಬಾರಿ ಕಾಣಿಸಿಕೊಂಡರೂ ಕ್ಲಿಕ್ ಇಲ್ಲವೆಂದರೆ, ಉತ್ತರ ಹೊರಗೇ ಸಿಕ್ಕಿಬಿಡುತ್ತಿರಬಹುದು. ಒಂದೇ ಹುಡುಕಾಟಕ್ಕೆ ನಿಮ್ಮದೇ ಎರಡು ಪುಟಗಳು ಸರದಿಯಂತೆ ಬರುತ್ತಿದ್ದರೆ ಅವನ್ನು ಒಂದಾಗಿಸಿ. ನೂರು ಪದಗಳಿಗೆ ನೂರು ತೆಳು ಪುಟ ಮಾಡುವುದಕ್ಕಿಂತ, ಕೆಲಸವಿಟ್ಟುಕೊಂಡು ಬಂದವರಿಗೆ ಪೂರ್ತಿ ಉತ್ತರ ಕೊಡುವ ಹತ್ತು ಪುಟ ಮೇಲು.