ಮೂವತ್ತು ಸೆಕೆಂಡಿನೊಳಗೆ ಒಂದು ಕಗ್ಗಂಟು

ಪಾಡ್‌ಕಾಸ್ಟ್ ಸರಣಿ ಶುರುವಾಗುವ ಮೊದಲು ಹೊರಬರುವ ಪುಟ್ಟ ಧ್ವನಿ ತುಣುಕಿಗೆ ಟ್ರೇಲರ್ ಎಂದು ಹೆಸರು. ಸಿನಿಮಾ ನಟರದೋ ಕ್ರಿಕೆಟ್ ಆಟಗಾರರದೋ ಸಂದರ್ಶನವಿರುವ ಸರಣಿಯಾದರೆ ಟ್ರೇಲರಿನಲ್ಲಿ ಅವರ ಹೆಸರು ಹೇಳಿದರೂ ಸಾಕು, ಜನ ಕೇಳುತ್ತಾರೆ. ಸಣ್ಣ ಊರಿನ ಉದ್ಯಮಿಗಳ ಸರಣಿಗೆ ಆ ಅನುಕೂಲವಿಲ್ಲ. ಇಳಕಲ್ಲಿನ ಸೀರೆ ವ್ಯಾಪಾರಿಯ ಹೆಸರಾಗಲಿ ಬ್ಯಾಡಗಿಯ ಮೆಣಸಿನಕಾಯಿ ವರ್ತಕರ ಹೆಸರಾಗಲಿ ಊರಾಚೆ ಯಾರಿಗೂ ಗೊತ್ತಿರುವುದಿಲ್ಲ. ಹೆಸರು ಮಾಡಬೇಕಾದ ಕೆಲಸವನ್ನು ಇಲ್ಲಿ ಕುತೂಹಲ ಮಾಡಬೇಕು, ಅದೂ ಮೂವತ್ತು ಸೆಕೆಂಡಿನಲ್ಲಿ.

ಕುತೂಹಲ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಅಮೆರಿಕದ ಜಾರ್ಜ್ ಲೋವೆನ್‌ಸ್ಟೀನ್ 1994ರಲ್ಲಿ ಒಂದು ವಿವರಣೆ ಕೊಟ್ಟರು. ತನಗೆ ಗೊತ್ತಿರುವುದಕ್ಕೂ ಗೊತ್ತಾಗಬೇಕಾಗಿರುವುದಕ್ಕೂ ನಡುವೆ ಒಂದು ಅಂತರವಿದೆ ಎಂದು ಮನಸ್ಸಿಗೆ ಹೊಳೆದಾಗ ಕುತೂಹಲ ಕೆರಳುತ್ತದೆ ಎಂಬುದು ಅದರ ಸಾರ. ಟ್ರೇಲರ್ ಬರೆಯುವವರಿಗೆ ಇದರಲ್ಲಿ ಬಹಳ ಉಪಯೋಗದ ಮಾತೊಂದಿದೆ. ಏನೂ ಗೊತ್ತಿಲ್ಲದ ವಿಷಯದ ಬಗ್ಗೆ ಯಾರಿಗೂ ಕುತೂಹಲವಿರುವುದಿಲ್ಲ, ಅಂತರ ಕಾಣಬೇಕಾದರೆ ಮೊದಲು ಒಂದಿಷ್ಟು ತಿಳಿದಿರಬೇಕು. ಆದ್ದರಿಂದ ‘ಇವರ ಯಶಸ್ಸಿನ ಗುಟ್ಟೇನು ಗೊತ್ತಾ?’ ಎಂಬ ಪ್ರಶ್ನೆ ಕಿವಿಗೆ ತಾಗುವುದೇ ಇಲ್ಲ. ಯಾರ ಯಶಸ್ಸು, ಯಾವ ಊರು, ಏನು ಕಷ್ಟ ಎಂಬುದು ಒಂದೂ ತಿಳಿಯದೆ ಗುಟ್ಟು ಕಟ್ಟಿಕೊಂಡು ಏನಾಗಬೇಕು? ಟ್ರೇಲರ್ ಮೊದಲು ಕೊಡಬೇಕು, ಆಮೇಲೆ ತಡೆಹಿಡಿಯಬೇಕು.

ಇದನ್ನು ಚನ್ನಪಟ್ಟಣದ ಬೊಂಬೆ ಉದ್ಯಮದ ಮೇಲೆ ಪ್ರಯೋಗಿಸಿ ನೋಡಬಹುದು. ಅಲ್ಲಿನ ಬೊಂಬೆಗಳಿಗೆ ಹಿಂದಿನಿಂದ ಬಳಕೆಯಲ್ಲಿರುವುದು ಆಲೆ ಮರ. ಕಡಿದು ತಂದ ಮರವನ್ನು ಎರಡು ಮೂರು ತಿಂಗಳು ಒಣಗಿಸಿ, ಲೇತಿಗೆ ಸಿಕ್ಕಿಸಿ, ಉಳಿಯಿಂದ ಕಡೆಯುತ್ತಾರೆ. ಬಣ್ಣ ಬಳಿಯಲು ಕುಂಚವಿಲ್ಲ. ತಿರುಗುತ್ತಿರುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಮೈಗೆಲ್ಲ ಹರಡುತ್ತದೆ. ಆಮೇಲೆ ಗರಿಯಿಂದ ಉಜ್ಜಿ ಹೊಳಪು ಬರಿಸುತ್ತಾರೆ. ಟಿಪ್ಪುವಿನ ಕಾಲದ ನಂಟು, ಭೌಗೋಳಿಕ ಸೂಚಕದ ಮಾನ್ಯತೆ, ಬೆಂಗಳೂರು–ಮೈಸೂರು ಹೆದ್ದಾರಿಯ ಅಂಗಡಿ ಸಾಲು, ಇವೆಲ್ಲ ಬರೆಯುವವರ ಕೈ ಜಗ್ಗುವ ವಿವರಗಳು. ಒಂದೊಂದೂ ಕಂತಿನೊಳಗೆ ಸಲ್ಲುತ್ತದೆ, ಟ್ರೇಲರಿನಲ್ಲಿ ಮಾತ್ರ ಸಲ್ಲದು. ಅವು ಯಾವ ಪ್ರಶ್ನೆಯನ್ನೂ ಎಬ್ಬಿಸುವುದಿಲ್ಲ. ಅರಗಿನ ವಿವರಕ್ಕೆ ಬೆರಗು ಹುಟ್ಟಿಸುವ ಶಕ್ತಿಯಿದೆ ನಿಜ, ಆದರೆ ಅದು ಕಸುಬಿನ ಬೆರಗು. ಸರಣಿ ಇರುವುದು ಉದ್ಯಮಿಯ ಬಗ್ಗೆ, ಅಂದರೆ ದುಡ್ಡು, ಗಡುವು, ಮಾತು ಕೊಟ್ಟು ಸಿಕ್ಕಿಕೊಳ್ಳುವುದು ಇವುಗಳ ಬಗ್ಗೆ. ಹಾಗೆ ನೋಡಿದರೆ ಉಪಯೋಗಕ್ಕೆ ಬರುವ ವಿವರ ಒಂದೇ: ಮರ ಒಣಗಲು ತಿಂಗಳುಗಳು ಬೇಕು. ಹಸಿ ಮರವನ್ನು ಕಡೆದರೆ ಆಮೇಲೆ ಅದು ಕುಗ್ಗಿ ಬಿರುಕು ಬಿಡುತ್ತದೆ. ಗಿರಾಕಿಯ ಗಡುವಿಗೆ ಮರ ಕಾಯುವುದಿಲ್ಲ. ಕಗ್ಗಂಟು ಇರುವುದು ಇಲ್ಲಿ.

ಅದರ ಸುತ್ತ ಕಟ್ಟಿದ ಒಂದು ಮಾದರಿ ಸ್ಕ್ರಿಪ್ಟ್ ಹೀಗಿರಬಹುದು. ಸರಣಿಯ ಹೆಸರು ‘ಪೇಟೆಬೀದಿ’ ಎಂದಿಟ್ಟುಕೊಳ್ಳಲಾಗಿದೆ; ಆರ್ಡರಿನ ಲೆಕ್ಕವೂ ಮಾದರಿಗಾಗಿ ಹಾಕಿಕೊಂಡದ್ದು.

(ಲೇತ್ ತಿರುಗುವ ಸದ್ದು, ಉಳಿ ಮರಕ್ಕೆ ತಾಗುವ ಸದ್ದು, ನಾಲ್ಕು ಸೆಕೆಂಡ್)
ನಿರೂಪಕಿ: ಇದು ಚನ್ನಪಟ್ಟಣದ ಒಂದು ಬೊಂಬೆ ಕಾರ್ಖಾನೆ. ಒಂದು ದಿನ ಫೋನ್ ಬಂತು: ಇಪ್ಪತ್ತು ದಿನದಲ್ಲಿ ಐದು ಸಾವಿರ ಬುಗುರಿ ಬೇಕು. ಅಂಗಳದಲ್ಲಿದ್ದ ಮರ ಇನ್ನೂ ಹಸಿ. ಅದು ಒಣಗೋಕೆ ಎರಡು ತಿಂಗಳು ಬೇಕು.
ಮಾಲೀಕರ ದನಿ: ಆಯ್ತು, ಮಾಡ್ಕೊಡ್ತೀನಿ ಅಂದ್ಬಿಟ್ಟೆ.
(ಲೇತ್ ನಿಲ್ಲುತ್ತದೆ. ಒಂದು ಸೆಕೆಂಡ್ ಮೌನ)
ನಿರೂಪಕಿ: ಪೇಟೆಬೀದಿ. ಸಣ್ಣ ಊರಿನ ಉದ್ಯಮಿಗಳು, ಅವರ ಒಂದೊಂದು ಕಗ್ಗಂಟು. ಪ್ರತಿ ಭಾನುವಾರ.

ಇದರಲ್ಲಿ ಒಂದೂ ಪ್ರಶ್ನಾರ್ಥಕ ಚಿಹ್ನೆ ಇಲ್ಲ. ಇಪ್ಪತ್ತು ದಿನ ಮತ್ತು ಎರಡು ತಿಂಗಳು ಪಕ್ಕಪಕ್ಕದಲ್ಲಿ ಬಂದಾಗ ಪ್ರಶ್ನೆ ಕೇಳುಗರ ತಲೆಯಲ್ಲೇ ಏಳುತ್ತದೆ. ಹಾಗೆ ತಾನಾಗಿ ಎದ್ದ ಪ್ರಶ್ನೆ, ನಿರೂಪಕಿ ಬಾಯಿಬಿಟ್ಟು ಕೇಳಿದ ಪ್ರಶ್ನೆಗಿಂತ ಹೆಚ್ಚು ಹೊತ್ತು ಉಳಿಯುತ್ತದೆ. ‘ಹಾಗಾದರೆ ಅವರು ಏನು ಮಾಡಿದರು?’ ಎಂಬ ಸಾಲನ್ನು ಕೊನೆಗೆ ಸೇರಿಸುವ ಆಸೆ ಬಹುತೇಕ ಎಲ್ಲರಿಗೂ ಬರುತ್ತದೆ. ಅದನ್ನು ಸೇರಿಸಿದರೆ ಆ ಒಂದು ಸೆಕೆಂಡಿನ ಮೌನ ಹಾಳಾಗುತ್ತದೆ, ಮತ್ತು ಇಡೀ ಟ್ರೇಲರಿನಲ್ಲಿ ಹೆಚ್ಚು ಕೆಲಸ ಮಾಡುವುದು ಆ ಮೌನವೇ. ಮಾಲೀಕರ ಮಾತನ್ನು ಅವರ ದನಿಯಲ್ಲೇ ಇಟ್ಟಿರುವುದಕ್ಕೂ ಕಾರಣವಿದೆ. ‘ಅಂದ್ಬಿಟ್ಟೆ’ ಎಂಬ ಒಂದು ಪದದಲ್ಲಿ ಧೈರ್ಯವೂ ಇದೆ, ಆಮೇಲಿನ ಪೇಚಾಟವೂ ಇದೆ. ಅದನ್ನೇ ನಿರೂಪಕಿ ‘ಅವರು ಒಪ್ಪಿಕೊಂಡರು’ ಎಂದು ಓದಿದರೆ ಬರೀ ವರದಿಯಾಗುತ್ತದೆ.

ಉದ್ದದ ಲೆಕ್ಕಕ್ಕೆ ಇಂಗ್ಲಿಷಿನವರು ಪದ ಎಣಿಸುತ್ತಾರೆ. ಕನ್ನಡಕ್ಕೆ ಆ ಲೆಕ್ಕ ಹೊಂದುವುದಿಲ್ಲ. ‘ಅಂಗಳದಲ್ಲಿದ್ದ’ ಎಂಬುದೂ ಒಂದು ಪದ, ‘ಹಸಿ’ ಎಂಬುದೂ ಒಂದು ಪದ. ಆದ್ದರಿಂದ ಅಕ್ಷರ ಎಣಿಸುವುದೇ ಸರಿ. ಆತುರವಿಲ್ಲದ ಓದಿನಲ್ಲಿ ಸೆಕೆಂಡಿಗೆ ಸುಮಾರು ಐದು ಅಕ್ಷರ ಎಂದಿಟ್ಟುಕೊಳ್ಳಬಹುದು. ಮೇಲಿನ ಸ್ಕ್ರಿಪ್ಟಿನಲ್ಲಿ ಮಾತಿನ ಭಾಗ 103 ಅಕ್ಷರ, ಅಂದರೆ ಇಪ್ಪತ್ತು ಇಪ್ಪತ್ತೊಂದು ಸೆಕೆಂಡ್. ಆರಂಭದ ಸದ್ದಿಗೆ ನಾಲ್ಕು, ಮೌನಕ್ಕೆ ಒಂದು, ವಾಕ್ಯಗಳ ನಡುವಿನ ಉಸಿರಿಗೆ ಮೂರು ನಾಲ್ಕು ಸೆಕೆಂಡ್ ಹಿಡಿದರೆ ಮೂವತ್ತು ತುಂಬಿತು. 150 ಅಕ್ಷರ ಬರೆದು ಬೇಗ ಬೇಗ ಓದಿ ಹಿಡಿಸುವುದೂ ಸಾಧ್ಯ. ಆದರೆ ಹಾಗೆ ಓದಿದ ಅಂಕಿಗಳು ಕಿವಿಗೆ ನಿಲ್ಲುವುದಿಲ್ಲ, ಅಂಕಿ ನಿಲ್ಲದಿದ್ದರೆ ಕಗ್ಗಂಟೂ ಇಲ್ಲ.

ಆರಂಭದ ಸದ್ದಿನ ವಿಷಯದಲ್ಲಿ ಒಂದು ಎಚ್ಚರ ಬೇಕು. ಬರೀ ಮೋಟಾರಿನ ಗುಂಯ್‌ಗುಡುವಿಕೆ ಕೇಳಿಸಿದರೆ ಅದು ಹಿಟ್ಟಿನ ಗಿರಣಿಯದೂ ಆಗಿರಬಹುದು, ಬಾವಿಯ ಪಂಪಿನದೂ ಆಗಿರಬಹುದು. ಉಳಿ ಮರಕ್ಕೆ ಕಚ್ಚಿದಾಗ ಸದ್ದಿನ ಶ್ರುತಿ ಬದಲಾಗುತ್ತದೆ. ಮೈಕನ್ನು ಹತ್ತಿರ ಹಿಡಿದು ಆ ಕ್ಷಣವನ್ನೇ ದಾಖಲಿಸಬೇಕು. ಲೇತ್ ನಿಲ್ಲುವ ಸದ್ದನ್ನೂ ಅಲ್ಲಿಯೇ ಬೇರೆಯಾಗಿ ತೆಗೆದುಕೊಂಡು ಬರಬೇಕು. ಸ್ಟುಡಿಯೋದಲ್ಲಿ ಸದ್ದನ್ನು ಫಕ್ಕನೆ ಕತ್ತರಿಸಿದರೆ ಕೇಳುಗರಿಗೆ ಫೋನೇ ಕೆಟ್ಟಿತೇನೋ ಅನಿಸುತ್ತದೆ.

ಸ್ಕ್ರಿಪ್ಟ್ ಬರೆಯಲು ಕೂರುವುದು ಕನಿಷ್ಠ ಎರಡು ಮೂರು ಕಂತುಗಳ ಧ್ವನಿಮುದ್ರಣ ಮುಗಿದ ಮೇಲೆ. ಮೊದಲೇ ಬರೆದ ಟ್ರೇಲರ್ ಕಂತಿನಲ್ಲಿ ಇಲ್ಲದ್ದನ್ನು ಇದೆ ಎಂದು ಹೇಳಿಬಿಡುತ್ತದೆ. ಮೇಲಿನ ಮಾದರಿಯೇ ನಿಜವಾದರೆ, ಮಾಲೀಕರು ಒಣಮರ ಇದ್ದ ನೆರೆಯ ಕಾರ್ಖಾನೆಗಳಿಗೆ ಕೆಲಸ ಹಂಚಿದರೋ, ಗಿರಾಕಿಯ ಜೊತೆ ಗಡುವಿಗಾಗಿ ಗುದ್ದಾಡಿದರೋ ಎಂಬುದು ಕಂತಿನಲ್ಲಿ ಅವರ ಬಾಯಿಂದಲೇ ಬರಬೇಕು. ಕೊನೆಗೆ ಅದು ಸಾಧಾರಣ ಉತ್ತರವಾದರೂ ಅಡ್ಡಿಯಿಲ್ಲ. ಉತ್ತರವೇ ಇಲ್ಲದಿದ್ದರೆ ಕೇಳುಗರು ಎರಡನೆಯ ಕಂತಿಗೆ ಬರುವುದಿಲ್ಲ.

ಬರೆದದ್ದು ಕೆಲಸ ಮಾಡುತ್ತದೋ ಇಲ್ಲವೋ ಎಂದು ನೋಡಲು ಸರಣಿಯ ಬಗ್ಗೆ ಏನೂ ತಿಳಿಯದ ಇಬ್ಬರು ಮೂವರಿಗೆ ಒಂದೇ ಸಲ ಕೇಳಿಸಿ ಸುಮ್ಮನಿರಬೇಕು. ‘ಚೆನ್ನಾಗಿದೆ’ ಎಂದರೆ ತಿದ್ದಬೇಕು ಎಂದರ್ಥ. ‘ಆಮೇಲೆ ಮರ ಎಲ್ಲಿಂದ ತಂದ್ರು?’ ಎಂದರೆ ಆಯಿತು. ಹೀಗೆ ಪಾಸಾದ ಧ್ವನಿಯನ್ನು ಫೋನಿನ ಸ್ಪೀಕರಿನಲ್ಲಿ ಇನ್ನೊಮ್ಮೆ ಕೇಳಿ, ಲೇತಿನ ಸದ್ದು ಮಾತನ್ನು ಮುಚ್ಚದಂತೆ ತಗ್ಗಿಸಿ, ಸರಣಿಯ ಫೀಡಿಗೆ ಏರಿಸುವಾಗ ಅದು ಮಾಮೂಲಿ ಕಂತಲ್ಲ, ಟ್ರೇಲರ್ ಎಂದು ಗುರುತು ಹಾಕಬೇಕು. ಬಹಳಷ್ಟು ಹೋಸ್ಟಿಂಗ್ ಸೇವೆಗಳಲ್ಲಿ ಇದಕ್ಕೊಂದು ಆಯ್ಕೆ ಇರುತ್ತದೆ. ಆಪಲ್ ಪಾಡ್‌ಕಾಸ್ಟ್ಸ್ ಓದುವುದು ಫೀಡಿನೊಳಗಿನ ಈ ಸಾಲನ್ನು:

```
<itunes:episodeType>trailer</itunes:episodeType>
```